ಹತ್ತಿರ ಹೋದರೆ ಮಾತ್ರ ಮಾತು ಕೇಳುವ ರಿಮೋಟು

ಸಾಗರದ ಅತ್ತೆಮನೆಯಲ್ಲಿ ಸಂಜೆಯ ಧಾರಾವಾಹಿ ಹೊತ್ತಿಗೆ ಒಂದು ಮೆರವಣಿಗೆ ನಡೆಯುತ್ತಿತ್ತು. ಚಾನೆಲ್ ಬದಲಿಸಬೇಕೆಂದರೆ ಅತ್ತೆ ಸೋಫಾದಿಂದ ಎದ್ದು ಹತ್ತಡಿ ನಡೆದು, ಟಿವಿಯ ಮೂಗಿಗೆ ರಿಮೋಟು ಹಿಡಿದು ಒತ್ತಿ, ವಾಪಸು ಬಂದು ಕೂರಬೇಕು. "ಸೆಲ್ಲು ಮೊನ್ನೆ ತಾನೆ ಹಾಕಿದ್ದು ಕಣೋ, ರಿಮೋಟೇ ಹೋಗಿದೆ" ಎಂಬುದು ಅವರ ತೀರ್ಪು.

ಆದರೆ ಹತ್ತಿರದಿಂದ ಎಲ್ಲ ಗುಂಡಿಗಳೂ ಕೆಲಸ ಮಾಡುತ್ತಿದ್ದವು. ಗುಂಡಿಯಡಿಯ ರಬ್ಬರು ಸವೆದಿದ್ದರೆ ಒಂದೆರಡು ಗುಂಡಿ ಕೈಕೊಡುತ್ತವೆ, ಒತ್ತಿ ಒತ್ತಿ ಬೆರಳು ನೋಯುತ್ತದೆ. ಇಲ್ಲಿ ಹಾಗಿಲ್ಲ. ಒಳಗಿನ ಚಿಪ್ಪು ಸರಿಯಾದ ಸಂಕೇತವನ್ನೇ ಕಳಿಸುತ್ತಿದೆ, ಸಂಕೇತ ಹೊರುವ ಬೆಳಕು ಮಾತ್ರ ಬಡವಾಗಿದೆ. ಎಷ್ಟು ಬಡವಾಗಿದೆ ಎಂದು ಅಂದಾಜು ಮಾಡಬಹುದು. ಬೆಳಕು ಹರಡುತ್ತ ಹೋಗುವುದರಿಂದ ದೂರ ಎರಡು ಪಟ್ಟಾದರೆ ತಲುಪುವ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಒಂದಡಿಯಲ್ಲಷ್ಟೇ ಕೆಲಸ ಮಾಡುವ ರಿಮೋಟು ಹತ್ತಡಿಗೆ ಬೇಕಾದ ಬೆಳಕಿನ ನೂರನೇ ಒಂದು ಪಾಲನ್ನಷ್ಟೇ ಚೆಲ್ಲುತ್ತಿದೆ ಎಂದರ್ಥ.

ಆ ಬೆಳಕು ರಿಮೋಟಿನ ತುದಿಯಲ್ಲಿರುವ ಪುಟ್ಟ ಎಲ್‌ಇಡಿಯದು. ಅದು ಅವಗೆಂಪು ಬೆಳಕಾದ್ದರಿಂದ ಕಣ್ಣಿಗೆ ಕಾಣದು, ಮೊಬೈಲಿನ ಕ್ಯಾಮೆರಾಕ್ಕೆ ಕಾಣುತ್ತದೆ. ಹಿಂಬದಿಯ ಕ್ಯಾಮೆರಾಗಳಲ್ಲಿ ಅವಗೆಂಪನ್ನು ತಡೆಯುವ ಗಾಜು ಬಲವಾಗಿರುವುದುಂಟು, ಹಾಗಾಗಿ ಸೆಲ್ಫಿ ಕ್ಯಾಮೆರಾವೇ ವಾಸಿ. ಕೋಣೆಯ ದೀಪ ಆರಿಸಿ, ಮೊದಲು ಸರಿಯಿರುವ ಬೇರೊಂದು ರಿಮೋಟು ಹಿಡಿದು ನಿಮ್ಮ ಮೊಬೈಲಿಗೆ ಅದು ಕಾಣುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಈ ಹೆಜ್ಜೆ ಬಿಟ್ಟು ಒಳ್ಳೆಯ ರಿಮೋಟನ್ನು ಕಸಕ್ಕೆ ಹಾಕಿದವರಿದ್ದಾರೆ. ಅತ್ತೆಮನೆಯ ಸೆಟ್‌ಟಾಪ್ ಬಾಕ್ಸಿನ ರಿಮೋಟು ಒತ್ತಿದಾಗ ಪರದೆಯಲ್ಲಿ ಬಿಳಿ ಮಿಶ್ರಿತ ನೇರಳೆ ಚುಕ್ಕಿ ಪಟಪಟ ಮಿನುಗಿತು. ಟಿವಿ ರಿಮೋಟಿನದು ಆರಿಹೋಗುವ ಊದುಬತ್ತಿಯ ಕೆಂಡದಂತಿತ್ತು.

ಸೆಲ್ಲುಗಳನ್ನು ತೆಗೆದು ಮೀಟರಿನಲ್ಲಿ ಅಳೆದರೆ ತಲಾ 1.5 ವೋಲ್ಟ್. ಅತ್ತೆ ಗೆದ್ದಂತೆ ಕಂಡಿತು. ಆದರೆ ಈ ಅಳತೆ ಅರ್ಧಸತ್ಯ. ಮೀಟರು ಸೆಲ್ಲಿನಿಂದ ಕರೆಂಟನ್ನೇ ಎಳೆಯುವುದಿಲ್ಲ. ಚಿಪ್ಪಿಗೂ ಚಿಟಿಕೆಯಷ್ಟು ಸಾಕು. ಎಲ್‌ಇಡಿಗೆ ಮಾತ್ರ ಪ್ರತಿ ಮಿನುಗಿಗೂ ಸುಮಾರು 100 ಮಿಲಿಆಂಪಿಯರಿನ ಆಸುಪಾಸು ಬೇಕು, ಆ ಮಿನುಗು ಸೆಕೆಂಡಿಗೆ 38,000 ಸಲದ ಲೆಕ್ಕದಲ್ಲಿ ಬಡಿಯುತ್ತದೆ. ಹಳೆಯ ಸೆಲ್ಲು ಖಾಲಿ ಕೂತಾಗ ದಿಟ್ಟವಾಗಿ ವೋಲ್ಟ್ ತೋರಿಸಿ, ಈ ಎಳೆತ ಬಂದೊಡನೆ ಕುಸಿಯುತ್ತದೆ. ಸೆಲ್ಲಿಗೆ ನಿಜವಾದ ಪರೀಕ್ಷೆಯೆಂದರೆ ಪಕ್ಕದ ರಿಮೋಟಿಗೆ ಹಾಕಿ ನೋಡುವುದು. ನಾನು ಅದಲುಬದಲು ಮಾಡಿದೆ. ಅತ್ತೆಯ ಸೆಲ್ಲುಗಳು ಸೆಟ್‌ಟಾಪ್ ರಿಮೋಟಿನಲ್ಲಿ ಅಡುಗೆಮನೆ ಬಾಗಿಲಿನಿಂದಲೂ ಕೆಲಸ ಮಾಡಿದವು, ಅದರ ಸೆಲ್ಲುಗಳು ಟಿವಿ ರಿಮೋಟಿನಲ್ಲಿ ಒಂದಡಿ ದಾಟಲಿಲ್ಲ.

ಉಳಿದದ್ದು ಸೆಲ್ಲಿನ ಮನೆ. ಟಾರ್ಚು ಬಿಟ್ಟು ನೋಡಿದರೆ ಒಂದು ಸ್ಪ್ರಿಂಗಿನ ಬುಡದಲ್ಲಿ ಬಿಳಿ ಹಸಿರು ಪುಡಿ, ತುದಿಯಲ್ಲಿ ತುಕ್ಕು. ಹಿಂದೆಂದೋ ಸೋರಿದ ಸೆಲ್ಲೊಂದರ ಉಳಿಕೆ. ಮಲೆನಾಡಿನ ಮಳೆಗಾಲದ ತೇವ ಅದನ್ನು ಬೆಳೆಸಿತ್ತು. ಆ ಪುಡಿ ಕರೆಂಟನ್ನು ಪೂರ್ತಿ ತಡೆಯುವುದಿಲ್ಲ, ಕಿರಿದಾಗಿಸುತ್ತದೆ. ಚಿಪ್ಪಿನ ಸಣ್ಣ ಕರೆಂಟು ನುಸುಳುತ್ತದೆ, ಎಲ್‌ಇಡಿಯ ದೊಡ್ಡ ಕರೆಂಟು ಅಲ್ಲೇ ಸಿಕ್ಕಿಬೀಳುತ್ತದೆ. ಖಚಿತಪಡಿಸಿಕೊಳ್ಳಲು ಸೆಲ್ಲು ಹಾಕಿ, ಹೆಬ್ಬೆರಳಿನಿಂದ ಅವನ್ನು ಸ್ಪ್ರಿಂಗಿನ ಕಡೆಗೆ ಒತ್ತಿ ಹಿಡಿದು ಕ್ಯಾಮೆರಾದಲ್ಲಿ ನೋಡಿದೆ. ಕೆಂಡ ಚುಕ್ಕಿಯಾಯಿತು.

ತೊಳೆಯುವ ಮೊದಲು ಯಾವ ಸೆಲ್ಲು ಸೋರಿದ್ದು ಎಂದು ತಿಳಿದರೆ ಒಳ್ಳೆಯದು. ಆಲ್ಕಲೈನ್ ಸೆಲ್ಲಿನ ಸೋರಿಕೆ ಕ್ಷಾರ, ಕಿವಿಕಡ್ಡಿಯಲ್ಲಿ ಒಂದು ಹನಿ ನಿಂಬೆರಸ ಸವರಿದರೆ ನೊರೆಯೆದ್ದು ಕರಗುತ್ತದೆ. ಕಿರಾಣಿ ಅಂಗಡಿಯ ಅಗ್ಗದ ಜಿಂಕ್ ಸೆಲ್ಲಿನದು ಆಗಲೇ ಹುಳಿ ಗುಣದ್ದು, ಅದಕ್ಕೆ ನಿಂಬೆ ಬೇಡ, ಒದ್ದೆ ಕಡ್ಡಿ ಸಾಕು. ಎರಡರಲ್ಲೂ ಕೊನೆಗೆ ನೀರಿನ ಕಡ್ಡಿಯಿಂದ ಒರೆಸಿ, ಪೂರ್ತಿ ಒಣಗಿಸಬೇಕು. ತುಕ್ಕಿಗೆ ಪೆನ್ಸಿಲ್ ಅಳಿಸುವ ರಬ್ಬರು ಉಜ್ಜಿ. ಉಪ್ಪುಕಾಗದ ಹಿಡಿದು ಹೊಳೆಯುವವರೆಗೆ ತಿಕ್ಕುವುದು ಬೇಡ. ಮೇಲಿನ ನಿಕ್ಕಲ್ ಲೇಪ ಹೋದರೆ ಒಳಗಿನ ಕಬ್ಬಿಣ ಮುಂದಿನ ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ.

ಚುಕ್ಕಿ ಪ್ರಖರವಾಗಿದ್ದೂ ದೂರ ದಾಟದಿದ್ದರೆ ರಿಮೋಟನ್ನು ಬಿಟ್ಟು ಟಿವಿಯತ್ತ ನೋಡಿ. ಅದರ ಸಂಕೇತ ಹಿಡಿಯುವ ಕಿಂಡಿಗೆ ಧೂಳು ಕೂತಿರಬಹುದು, ಕಿಟಕಿಯ ಬಿಸಿಲು ನೇರ ಬಡಿಯುತ್ತಿರಬಹುದು. ರಿಮೋಟಿಗೆ ಸುತ್ತಿದ ಪ್ಲಾಸ್ಟಿಕ್ ಕವರು ಅಡುಗೆಮನೆಯ ಜಿಡ್ಡು ಕುಡಿದು ಮಬ್ಬಾಗಿದ್ದರೂ ಹೀಗಾಗುತ್ತದೆ. ಸೆಲ್ಲು, ಸ್ಪ್ರಿಂಗು ಎರಡೂ ಚೊಕ್ಕಟವಿದ್ದೂ ಚುಕ್ಕಿ ಮಂಕಾಗಿದ್ದರೆ ಬಿದ್ದು ಬಿದ್ದು ಎಲ್‌ಇಡಿಯ ಬೆಸುಗೆ ಬಿಟ್ಟಿರುವ ಸಂಭವವೇ ಹೆಚ್ಚು. ಕೆಲವು ಸ್ಮಾರ್ಟ್ ಟಿವಿಗಳ ಬ್ಲೂಟೂತ್ ರಿಮೋಟಿಗೆ ಈ ಕ್ಯಾಮೆರಾ ಪರೀಕ್ಷೆ ಪೂರ್ತಿ ಒಗ್ಗದು, ಪವರ್ ಗುಂಡಿಗಷ್ಟೇ ಮಿನುಗಿ ಉಳಿದವಕ್ಕೆ ಸುಮ್ಮನಿರಬಹುದು.

ಅತ್ತೆಯ ರಿಮೋಟು ಆ ರಾತ್ರಿಯೇ ಸೋಫಾದಿಂದ ಕೆಲಸ ಮಾಡಿತು. ಸ್ಪ್ರಿಂಗಿನ ಲೇಪ ಆಗಲೇ ಅರ್ಧ ಹೋಗಿದೆ, ಶ್ರಾವಣದ ಹೊತ್ತಿಗೆ ಮತ್ತೊಮ್ಮೆ ಉಜ್ಜಬೇಕಾದೀತು ಎಂದು ಹೇಳಿ ಬಂದಿದ್ದೇನೆ.