‘ಐದೇ ನಿಮಿಷಾ’ ಎಂದಿತು ಕಂಬಳಿ

ಮಂಗಳೂರಿನ ಕ್ಯಾಥೊಲಿಕ್ ಮದುವೆಗೆ ಹೋದವರಿಗೆ ಟೋಸ್ಟ್ ಹೊಸದಲ್ಲ. ಮುನ್ನಾದಿನ ರೋಸ್ ನಡೆದಿರುತ್ತದೆ. ತೆಂಗಿನ ಹಾಲು ಹಚ್ಚಿಸಿಕೊಂಡ ವಧೂವರರ ಸುತ್ತ ಹೆಂಗಸರು ಕೊಂಕಣಿಯಲ್ಲಿ ವೊವಿಯೊ ಹಾಡಿರುತ್ತಾರೆ. ಮರುದಿನ ಇಗರ್ಜಿಯಲ್ಲಿ ಮದುವೆ, ಆಮೇಲೆ ಸಭಾಂಗಣದಲ್ಲಿ ಕೇಕು, ಬ್ಯಾಂಡು, ಕುಣಿತ. ಇವುಗಳ ನಡುವೆ ಒಬ್ಬರು ಮೈಕಿನ ಮುಂದೆ ನಿಂತು ಜೋಡಿಯ ಬಗ್ಗೆ ನಾಲ್ಕು ಮಾತಾಡುತ್ತಾರೆ, ಎಲ್ಲರೂ ಲೋಟ ಎತ್ತುತ್ತಾರೆ. ಈಗ ಬೆಂಗಳೂರಿನ ರಿಸೆಪ್ಷನ್ನುಗಳಲ್ಲೂ, ಹೊರದೇಶದ ಕನ್ನಡಿಗರ ಮದುವೆಗಳಲ್ಲೂ ಆ ಮೈಕು ವರನ ಗೆಳೆಯನ ಕೈಗೋ ವಧುವಿನ ಗೆಳತಿಯ ಕೈಗೋ ಬರುತ್ತಿದೆ. ಪ್ರಾಸ ಹಾಕಿ ಹೇಳಬೇಕೆಂದು ಹೊರಟವರಿಗೆ ಕಷ್ಟ ಶುರುವಾಗುವುದು ಅಲ್ಲಿಂದಲೇ.

ಹಾಗೆಂದು ಮದುವೆಮನೆಯಲ್ಲಿ ಪ್ರಾಸ ಹಾಕಿ ಕಾಲೆಳೆಯುವುದು ಕನ್ನಡಕ್ಕೆ ಹೊರಗಿನಿಂದ ಬಂದ ಪದ್ಧತಿಯಲ್ಲ. ಉತ್ತರ ಕರ್ನಾಟಕದಲ್ಲಿ ಹೊಸ ಹೆಂಡತಿ ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುತ್ತಾಳೆ. ಉರುಟಣೆಯಲ್ಲಿ ಹಾಡು ಹೇಳುತ್ತಲೇ ಒಬ್ಬರಿಗೊಬ್ಬರು ಅರಿಸಿನ, ಗಂಧ ಹಚ್ಚುತ್ತಾರೆ. ಬೀಗರ ಹಾಡಿನಲ್ಲಂತೂ ಎದುರು ಪಕ್ಷದವರ ಮೂಗಿನಿಂದ ಹಿಡಿದು ಊಟದ ಗಾತ್ರದವರೆಗೆ ಯಾವುದೂ ಉಳಿಯುವುದಿಲ್ಲ. ಆದರೆ ಬೀಗರ ಹಾಡು ಒಂದು ಗುಂಪು ಇನ್ನೊಂದು ಗುಂಪನ್ನು ಜರೆಯುವ ಆಟ. ಟೋಸ್ಟಿನಲ್ಲಿ ಮಾತಾಡುವವನು ಒಬ್ಬನೇ, ಕೇಳುವವರಲ್ಲಿ ಎರಡೂ ಕಡೆಯವರಿರುತ್ತಾರೆ, ಅರ್ಧಕ್ಕರ್ಧ ಜನ ಅವನನ್ನು ಮೊದಲ ಸಲ ನೋಡುತ್ತಿರುತ್ತಾರೆ. ಆದ್ದರಿಂದ ಏನನ್ನು ಆಡಿಕೊಳ್ಳಬೇಕು ಎನ್ನುವುದೇ ಮೊದಲ ಪ್ರಶ್ನೆ.

ಇದಕ್ಕೆ ಒಳ್ಳೆಯ ಉತ್ತರ ಸುಮಾರು ಎರಡು ಸಾವಿರದ ಆರುನೂರು ವರ್ಷ ಹಿಂದಿನ ಗ್ರೀಸಿನಲ್ಲಿದೆ. ಲೆಸ್ಬೋಸ್ ದ್ವೀಪದ ಕವಯಿತ್ರಿ ಸಾಫೋಳ ಮದುವೆ ಹಾಡಿನ ಒಂದು ತುಣುಕು ಉಳಿದುಬಂದಿದೆ. ವಧೂವರರ ಕೋಣೆಯ ಬಾಗಿಲು ಕಾಯಲು ನಿಂತ ವರನ ಗೆಳೆಯನೇ ಅದರಲ್ಲಿ ಗುರಿ. ಅವನ ಪಾದ ಏಳು ಮಾರು ಉದ್ದವಂತೆ, ಚಪ್ಪಲಿಗೆ ಐದು ಎತ್ತಿನ ಚರ್ಮ ಬೇಕಾಯಿತಂತೆ, ಹೊಲಿಯಲು ಹತ್ತು ಮಂದಿ ದುಡಿದರಂತೆ. ಅವನ ಕಾಲು ನಿಜವಾಗಿ ಸ್ವಲ್ಪ ದೊಡ್ಡದಿದ್ದಿರಬಹುದು. ಯಾರೂ ನಂಬಲಾಗದಷ್ಟು ಉಬ್ಬಿಸಿದ್ದರಿಂದ ಅದು ದೂರಾಗಿ ಉಳಿಯದೆ ನಗೆಯಾಯಿತು. ಗೆಳೆಯನಲ್ಲಿ ಇರುವ ಒಂದು ಸಣ್ಣ ದೋಷವನ್ನೇ ಹಿಡಿಯುವುದು, ಅದನ್ನು ಆಗದ ಮಾತಿನವರೆಗೆ ಎಳೆಯುವುದು: ಇವತ್ತಿನ ಮೈಕಿಗೂ ಇದು ಒಗ್ಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡಬಹುದು. ವರ ಎಲ್ಲದಕ್ಕೂ ತಡ. ಫೋನು ಮಾಡಿದರೆ ಹಾಸಿಗೆಯಿಂದಲೇ ‘ಐದೇ ನಿಮಿಷ, ಬಂದೆ’ ಎನ್ನುವವನು. ಇದು ಅವನ ಅಜ್ಜಿಗೂ ಗೊತ್ತು, ಆಫೀಸಿಗೂ ಗೊತ್ತು, ಗುರಿಯಾಗಲು ಯೋಗ್ಯ. ಹಾಸ್ಟೆಲಿನ ಮೂವರಿಗೆ ಮಾತ್ರ ಗೊತ್ತಿರುವ ಪ್ರಸಂಗಕ್ಕೆ ಆ ಮೂವರು ಮಾತ್ರ ನಗುತ್ತಾರೆ, ಉಳಿದವರು ಊಟದ ಸಾಲು ಎಲ್ಲಿಗೆ ಬಂತೆಂದು ನೋಡುತ್ತಾರೆ. ಹಳೆಯ ಪ್ರೇಮ, ಸಂಬಳ, ಮೈಬಣ್ಣ, ದಪ್ಪ–ಸಣ್ಣ, ‘ಸಿಹಿಸುದ್ದಿ ಯಾವಾಗ’ ಎನ್ನುವ ಮಾತು ಯಾವ ಪ್ರಾಸದಲ್ಲೂ ಬರಬಾರದು. ಅವು ನೋಯಿಸುತ್ತವೆ, ನೊಂದವರು ವೇದಿಕೆಯ ಮೇಲೆ ನಗುತ್ತಲೇ ನಿಲ್ಲಬೇಕಾಗುತ್ತದೆ.

ಗೆಳೆಯನ ಮೊದಲ ಕರಡು ಹೆಚ್ಚುಕಡಿಮೆ ಹೀಗೆ ಬರುತ್ತದೆ:

ಐದೇ ನಿಮಿಷಕೆ ಬರುವೆನು ಎಂದ,
ಊಟದ ಹೊತ್ತಿಗೆ ಬಸ್ಸಲಿ ಬಂದ.

ಲಯ ಸರಿಯಿದೆ. ನಾಲ್ಕು ನಾಲ್ಕು ಮಾತ್ರೆಯ ಗಣಗಳು, ತಾಳ ಹಾಕಿದರೆ ಕೂರುತ್ತವೆ. ಆದರೂ ಯಾರೂ ನಗುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಎಂದ–ಬಂದ, ಕೊಟ್ಟ–ಬಿಟ್ಟ ಎಂಬಂಥ ಪ್ರಾಸ ಬೇಡವೆಂದರೂ ಸಿಗುತ್ತದೆ. ‘ಎಂದ’ ಕೇಳಿದ ಕಿವಿ ‘ಬಂದ’ವನ್ನು ಆಗಲೇ ಊಹಿಸಿಬಿಟ್ಟಿರುತ್ತದೆ. ಊಹಿಸಿದ್ದೇ ಬಂದರೆ ನಗಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಹಿಂದಿನಿಂದ ಮುಂದಕ್ಕೆ ಬರೆಯಬೇಕು. ನಗೆ ಹುಟ್ಟಿಸುವ ಪದ ಯಾವುದು? ಕಂಬಳಿ. ಅದನ್ನು ಎರಡನೆಯ ಸಾಲಿನ ತುದಿಗಿಟ್ಟು, ಅದಕ್ಕೆ ಹೊಂದುವ ಸಾದಾ ಪದವನ್ನು ಮೊದಲ ಸಾಲಿಗೆ ಹುಡುಕಬೇಕು. ಕರಾವಳಿಯವರಿಗೂ ಮಲೆನಾಡಿನವರಿಗೂ ಅದು ಅಡುಗೆಮನೆಯಲ್ಲೇ ಸಿಗುತ್ತದೆ.

ಊಟಕೆ ಕರೆದೆವು, ಅನ್ನಕೆ ತಂಬುಳಿ;
‘ಐದೇ ನಿಮಿಷಾ’ ಎಂದಿತು ಕಂಬಳಿ.

ಈಗ ಮಾತಾಡಿದ್ದು ವರನಲ್ಲ, ಕಂಬಳಿ. ಸಾಫೋಳ ಏಳು ಮಾರು ಪಾದದ ಉಪಾಯವೇ ಇದು. ಎರಡೂ ನಾಮಪದಗಳಾದ್ದರಿಂದ ಮುಂದಿನ ಪ್ರಾಸ ಏನೆಂದು ಸಭೆಗೆ ಹೊಳೆಯುವುದಿಲ್ಲ.

ಛೇಡಿಸಿದ್ದಾಯಿತು, ಇನ್ನು ತಿರುಗಬೇಕು. ಆ ತಿರುವು ಹೊಗಳಿಕೆಯ ಮಾತಿನಿಂದ ಬಂದರೆ ಸಪ್ಪೆ. ಅದೇ ದೋಷದಿಂದ ಹುಟ್ಟಬೇಕು. ತಡಮಾಡುವವನು ಒಮ್ಮೆ ಬೇಗ ಹೋದ, ಯಾರಿಗಾಗಿ?

ಇವಳನು ಕಾಣಲು ಹೋದನು ಬೇಗ;
ಹೋಟೆಲ ಬಾಗಿಲಿಗಿನ್ನೂ ಬೀಗ.

ಅವನ ಪ್ರೀತಿಯ ಬಗ್ಗೆ ಇಲ್ಲಿ ಒಂದು ಮಾತೂ ಇಲ್ಲ. ಮೊದಲ ಎರಡು ಸಾಲು ಕೇಳಿದವರಿಗೆ ಅದರ ಅಗತ್ಯವೂ ಇಲ್ಲ. ಟೋಸ್ಟಿನ ಜೀವ ಇರುವುದು ಈ ಜೋಡಿಸಾಲಿನಲ್ಲಿ. ಗೆಳೆಯ ಸಮಯ ಕಳೆಯಬೇಕಾದದ್ದು ಇದರ ಮೇಲೆ.

ವಧುವಿನ ವಿಷಯದಲ್ಲಿ ವರನ ಗೆಳೆಯ ಇನ್ನೂ ಎಚ್ಚರವಾಗಿರಬೇಕು, ಅವಳನ್ನು ಅವನು ಅಷ್ಟಾಗಿ ಬಲ್ಲವನಲ್ಲ. ಅವಳ ಗೆಳತಿಯನ್ನು ಕೇಳಿ ಒಂದು ಗುಣ ತಿಳಿದುಕೊಳ್ಳುವುದು ಮೇಲು. ಅವಳು ಎಲ್ಲದಕ್ಕೂ ಪಟ್ಟಿ ಬರೆಯುವವಳು ಎಂದು ಗೊತ್ತಾಯಿತು ಅನ್ನೋಣ:

ಇವಳೋ ಎಲ್ಲಕು ಬರೆವಳು ಪಟ್ಟಿ;
ಮೊದಲನೆ ಸಾಲೇ ‘ಎಬ್ಬಿಸು, ತಟ್ಟಿ’.

ಪೆಟ್ಟು ಮತ್ತೆ ವರನಿಗೇ ಬಿತ್ತು, ವಧು ಗೆದ್ದಳು. ಅವಳ ಕಡೆಯವರು ನಿರಾಳವಾಗಿ ನಗುವುದು ಇಂಥಲ್ಲಿ. ಇನ್ನು ಕೊನೆ:

ಇಂದಿನ ಮಟ್ಟಿಗೆ ತಡಮಾಡಿಲ್ಲ;
ಎತ್ತಿರಿ ಲೋಟವ, ಬಂದವರೆಲ್ಲ!

ಇಲ್ಲ–ಎಲ್ಲ ತೀರಾ ಸವೆದ ಪ್ರಾಸ. ಇಲ್ಲಿ ಅದೇ ಬೇಕು. ಇಷ್ಟು ಹೊತ್ತು ಪ್ರಾಸವನ್ನು ಊಹಿಸಲು ಬಿಡಬಾರದಿತ್ತು. ಈಗ ಎಲ್ಲರೂ ಊಹಿಸಬೇಕು, ಗೆಳೆಯನ ಜೊತೆಗೇ ‘ಎಲ್ಲ’ ಎನ್ನಬೇಕು. ಲೋಟದಲ್ಲಿ ವೈನಿದ್ದರೂ ಬಾದಾಮಿ ಹಾಲಿದ್ದರೂ ಅದನ್ನು ಯಾವಾಗ ಎತ್ತಬೇಕೆಂದು ಸಭೆಗೆ ಬೇರೆ ಯಾರೂ ಹೇಳುವುದಿಲ್ಲ.

ಎಂಟೇ ಸಾಲು. ಓದಿದರೆ ಒಂದು ನಿಮಿಷವೂ ಹಿಡಿಯದು, ನಗೆಗೆ ಜಾಗ ಕೊಟ್ಟರೆ ಎರಡಾದೀತು. ವೇದಿಕೆಯ ಮುಂದೆ ಫೋಟೋಗೆ ಕಾದವರ ಸಾಲಿರುವ ಹೊತ್ತಿನಲ್ಲಿ ಅದಕ್ಕಿಂತ ಉದ್ದ ಬೇಡ. ಚೆನ್ನಾಗಿ ಬರೆದದ್ದೂ ಕೆಡುವುದು ಸಾಮಾನ್ಯವಾಗಿ ಅವಸರದಿಂದ. ‘ಕಂಬಳಿ’ಗೆ ಜನ ನಗುತ್ತಿರುವಾಗಲೇ ಮುಂದಿನ ಸಾಲಿಗೆ ಹಾರಿದರೆ ‘ಇವಳನು ಕಾಣಲು’ ಆ ಗದ್ದಲದಲ್ಲಿ ಮುಳುಗುತ್ತದೆ, ಆಮೇಲೆ ಬೀಗ ಯಾವ ಬಾಗಿಲಿನದೆಂದು ಯಾರಿಗೂ ತಿಳಿಯುವುದಿಲ್ಲ. ಫೋನಿನ ಪರದೆಗೆ ತಲೆ ತಗ್ಗಿಸಿ ಓದುವವನಿಗೆ ಸಭೆ ನಗುತ್ತಿದೆಯೋ ಇಲ್ಲವೋ ಕಾಣುವುದೂ ಇಲ್ಲ. ಎಂಟು ಸಾಲನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಲಯ ಕೂತಿದ್ದರೆ ನಾಲಿಗೆಗೆ ತಾನೇ ಹತ್ತುತ್ತದೆ. ಎಲ್ಲೋ ಒಂದು ಕಡೆ ಪ್ರತಿಸಲ ತೊಡರುತ್ತಿದ್ದರೆ ಅಲ್ಲಿ ಮಾತ್ರೆ ಹೆಚ್ಚುಕಡಿಮೆಯಾಗಿದೆ ಎಂದರ್ಥ. ಪದ ಬದಲಿಸಬೇಕು.

ಕನ್ನಡ ಬಾರದ ನೆಂಟರಿದ್ದರೆ ಪದ್ಯವನ್ನು ಅನುವಾದಿಸುವ ಗೋಜು ಬೇಡ. ‘ಮದುಮಗ ಯಾವತ್ತೂ ತಡ’ ಎಂದು ಅವರ ಭಾಷೆಯಲ್ಲಿ ಮೊದಲೇ ಒಂದು ವಾಕ್ಯ ಹೇಳಿದರೆ ಸಾಕು, ವರನ ಮುಖ ನೋಡಿಯೇ ಉಳಿದದ್ದು ಅವರಿಗೆ ತಿಳಿಯುತ್ತದೆ. ಬ್ಯಾಂಡಿನವರಿಗೆ ಮಾತ್ರ ಮುಂಚೆಯೇ ಹೇಳಿಟ್ಟಿರಬೇಕು: ‘ಬಂದವರೆಲ್ಲ’ ಎಂದು ಕಿವಿಗೆ ಬಿದ್ದ ಕೂಡಲೇ ನುಡಿಸಿ, ಅದಕ್ಕೆ ಮೊದಲು ಎಷ್ಟೇ ಚಪ್ಪಾಳೆ ಬಂದರೂ ಡ್ರಮ್ ಮುಟ್ಟಬೇಡಿ.