ಅಜ್ಜನ ಅಜ್ಜನನ್ನು ಹಿಡಿದು ಏರುವ ಲೆಕ್ಕ

ಗೋಡೆಯ ಮೇಲಿನ ವಂಶವೃಕ್ಷದಲ್ಲಿ ಇಬ್ಬರ ಹೆಸರು ತೋರಿಸಿ, ಇವರ ಕವಲು ಒಡೆದದ್ದು ಯಾರಿಂದ ಎಂದು ಕೇಳಿದರೆ ನಾವು ಒಂದೊಂದೇ ತಲೆಮಾರು ಬೆರಳು ಸರಿಸುತ್ತ ಮೇಲೇರುತ್ತೇವೆ. ಇಬ್ಬರಿಗೂ ಪೂರ್ವಜರಾದವರಲ್ಲಿ ಅತಿ ಹತ್ತಿರದವನೇ ಉತ್ತರ. ಆದರೆ ಲಕ್ಷ ಹೆಸರುಗಳು ಒಂದೇ ಉದ್ದನೆಯ ಸರಪಳಿಯಾಗಿ ಇಳಿದಿದ್ದರೆ, ಒಂದು ಪ್ರಶ್ನೆಗೇ ಲಕ್ಷ ಹೆಜ್ಜೆ ಬೇಕಾಗಬಹುದು. ಇದನ್ನು ತಪ್ಪಿಸುವ ಉಪಾಯವೇ ‘ಬೈನರಿ ಲಿಫ್ಟಿಂಗ್’.

ಅದರ ಗುಟ್ಟು ನಮ್ಮ ಮಾತಿನಲ್ಲೇ ಇದೆ. ಅಪ್ಪನ ಅಪ್ಪ ಅಜ್ಜ: ಎರಡು ತಲೆಮಾರು ಮೇಲೆ. ಅಜ್ಜನ ಅಜ್ಜ ನಾಲ್ಕು ತಲೆಮಾರು ಮೇಲೆ. ಹೀಗೆ ಪ್ರತಿಯೊಬ್ಬನಿಗೂ 1, 2, 4, 8 ತಲೆಮಾರು ಮೇಲಿರುವವರ ಹೆಸರನ್ನು ಮೊದಲೇ ಬರೆದಿಡುತ್ತಾರೆ. ಹೊಸದಾಗಿ ಹುಡುಕುವುದೇನೂ ಇಲ್ಲ, ಒಂದು ಜಿಗಿತವನ್ನು ಎರಡು ಸಲ ಹಾಕಿದರೆ ಅದರ ದುಪ್ಪಟ್ಟು ಜಿಗಿತ ಸಿಗುತ್ತದೆ:

```
up[v][k] = up[up[v][k-1]][k-1]
```

ಮೂಲಪುರುಷನಿಗೆ ಮಾತ್ರ ಅವನೇ ಅಪ್ಪ ಎಂದು ಬರೆಯುತ್ತಾರೆ. ಆಗ ಎಷ್ಟು ದೊಡ್ಡ ಜಿಗಿತವೂ ಮರದಿಂದ ಆಚೆ ಹೋಗುವುದಿಲ್ಲ.

ಮೂಲಪುರುಷನನ್ನು ಸೊನ್ನೆ ಎಂದೆಣಿಸಿ, ಶಂಕರ 13ನೇ ತಲೆಮಾರು, ಮಾಧವ 8ನೇ ತಲೆಮಾರು ಎಂದುಕೊಳ್ಳೋಣ. ಮೊದಲು ಇಬ್ಬರನ್ನೂ ಒಂದೇ ಮಟ್ಟಕ್ಕೆ ತರಬೇಕು. ಅಂತರ 5, ಅಂದರೆ 4 ಮತ್ತು 1. ಎರಡೇ ಜಿಗಿತಕ್ಕೆ ಶಂಕರನ ಕಡೆಯವನು 8ಕ್ಕೆ ಬಂದ. ಅವನೇ ಮಾಧವನಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಈ ಪರೀಕ್ಷೆ ಮರೆತ ಪ್ರೋಗ್ರಾಮ್ ಮಾಧವನ ಬದಲು ಅವನ ಅಪ್ಪನನ್ನು ತೋರಿಸುತ್ತದೆ. ಒಬ್ಬನನ್ನೂ ಅವನ ಮಗನನ್ನೂ ಕೊಟ್ಟು ಕೇಳಿದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ನಮ್ಮ ಉದಾಹರಣೆಯಲ್ಲಿ ಇಬ್ಬರೂ ಬೇರೆ, ಕವಲು ಒಡೆದದ್ದು 2ನೇ ತಲೆಮಾರಿನಲ್ಲಿ. ಅದು ಪ್ರೋಗ್ರಾಮಿಗೆ ಗೊತ್ತಿಲ್ಲ. ಅದು ದೊಡ್ಡ ಜಿಗಿತದಿಂದ ಶುರುಮಾಡುತ್ತದೆ. 8 ಹಾರಿದರೆ ಇಬ್ಬರೂ ಮೂಲಪುರುಷನಲ್ಲಿ ಸೇರುತ್ತಾರೆ, ಹಾಗಾಗಿ ಹಾರುವುದಿಲ್ಲ. ಸೇರುವ ಜಾಗ ಸಿಕ್ಕಿತಲ್ಲ, ಬೇಡವೇಕೆ ಎನಿಸಬಹುದು. ಇಡೀ ಉಪಾಯ ನಿಂತಿರುವುದೇ ಇಲ್ಲಿ: ಅವನು ಇಬ್ಬರಿಗೂ ಪೂರ್ವಜ ನಿಜ, ಅತಿ ಹತ್ತಿರದವನು ಹೌದೋ ಅಲ್ಲವೋ ತಿಳಿಯದು. ಆದ್ದರಿಂದ ಬೇರೆ ಬೇರೆಯವರ ಮೇಲೆ ಇಳಿಯುವ ಜಿಗಿತವನ್ನಷ್ಟೇ ನಂಬಬೇಕು. 4 ಹಾರಿದರೆ ಬೇರೆಯವರೇ, ಇಬ್ಬರೂ 4ನೇ ತಲೆಮಾರಿಗೆ ಏರುತ್ತಾರೆ. 2 ಹಾರಿದರೆ ಸೇರುತ್ತಾರೆ, ಬೇಡ. 1 ಹಾರಿದರೆ ಬೇರೆ, 3ಕ್ಕೆ ಬಂದರು. ಈಗ ಅವರು ಅಣ್ಣತಮ್ಮಂದಿರು. ಅವರ ಅಪ್ಪನೇ ಉತ್ತರ.

ಲಕ್ಷ ಹೆಸರುಗಳಿದ್ದರೂ ಒಬ್ಬೊಬ್ಬನಿಗೆ 17 ನಮೂದು ಸಾಕು. ಪಟ್ಟಿ 17 ಲಕ್ಷ ನಮೂದುಗಳಷ್ಟಾಗುತ್ತದೆ, ಇಂದಿನ ಕಂಪ್ಯೂಟರಿಗೆ ಅದು ಹೊರೆಯಲ್ಲ. ಹೊಸ ಮಗು ಹುಟ್ಟಿದರೆ ಅದರ 17 ನಮೂದು ಸೇರಿಸಿದರಾಯಿತು. ಆದರೆ ಯಾರನ್ನೋ ತಪ್ಪು ಕವಲಿಗೆ ಬರೆದಿದ್ದೆವೆಂದು ಕಿತ್ತು ಬೇರೆಡೆ ಸೇರಿಸಿದರೆ, ಅವನ ಕೆಳಗಿನವರೆಲ್ಲರ ಪಟ್ಟಿಯನ್ನೂ ಮತ್ತೆ ಬರೆಯಬೇಕು. ಅಪ್ಪನ ಜೊತೆ ಅಮ್ಮನ ಕಡೆಯ ಗೆರೆಯನ್ನೂ ಎಳೆದರಂತೂ ಅದು ಈ ಲೆಕ್ಕದ ಮರವಾಗಿ ಉಳಿಯುವುದಿಲ್ಲ. ಪ್ರತಿಯೊಬ್ಬರಿಂದ ಮೇಲಕ್ಕೆ ಒಂದೇ ದಾರಿ ಇದ್ದಾಗ ಮಾತ್ರ ಈ ಜಿಗಿತಗಳಿಗೆ ಅರ್ಥ.