ಉಪ್ಪಿಟ್ಟಿಗೆ ಮೂರು ಉರಿ

1 ಲೋಟ ಹುರಿದ ರವೆಯ ಉಪ್ಪಿಟ್ಟಿಗೆ ಗ್ಯಾಸಿನ ಮೂರೂ ಉರಿ ಬೇಕು. ಒಗ್ಗರಣೆಗೆ ಮಧ್ಯಮ ಉರಿ. ಸಾಸಿವೆ ಸಿಡಿದ ಮೇಲೆ ಈರುಳ್ಳಿ ಚುರುಗುಟ್ಟುತ್ತ ಮೆತ್ತಗಾಗಬೇಕು. ಅಂಚು ಕಪ್ಪಾದರೆ ಉರಿ ಹೆಚ್ಚಾಯಿತು. ಸದ್ದಿಲ್ಲದೆ ನೀರು ಬಿಟ್ಟುಕೊಂಡರೆ ಕಡಿಮೆಯಾಯಿತು.

ಎರಡೂವರೆ ಲೋಟ ನೀರು, ಉಪ್ಪು ಹಾಕಿ ಉರಿ ದೊಡ್ಡದು ಮಾಡಿ. ಅಂಚಿನ ಸಣ್ಣ ಗುಳ್ಳೆ ಕಂಡು ಅವಸರಪಡಬೇಡಿ, ನೀರು ಕೊತಕೊತ ಕುದಿಯಬೇಕು. ಕುದಿ ಬಂದ ಮೇಲೆ ಎಷ್ಟು ಉರಿ ಕೊಟ್ಟರೂ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ, ಬೇಗ ಆವಿಯಾಗುತ್ತದೆ ಅಷ್ಟೆ.

ಆಗ ಸಿಮ್‌ಗೆ ಇಳಿಸಿ, ಒಂದು ಕೈಯಲ್ಲಿ ಕೆದಕುತ್ತ ಇನ್ನೊಂದರಿಂದ ರವೆ ಉದುರಿಸಿ. ಮುಚ್ಚಳ ಮುಚ್ಚಿ 4 ನಿಮಿಷ ಬಿಡಿ. ಇಲ್ಲಿ ಉರಿ ದೊಡ್ಡದಿದ್ದರೆ ರವೆ ಬೇಯುವ ಮೊದಲೇ ತಳ ಹಿಡಿಯುತ್ತದೆ.